ರಾತ್ರಿ ಡಿಟಾಕ್ಸ್ ಟೀ ಕುಡಿದರೆ ಬೆಳಿಗ್ಗೆ ಹೊರಗೆ ಹೋಗುವುದು ಏನು? ಬಿಟ್ಟ ಮೇಲೆ ಕಾಲು ಊದಿಕೊಂಡಿದೆ

ವಿನುತಾ
ಏಳು ವಾರದಿಂದ ಒಂದು ಡಿಟಾಕ್ಸ್ ಟೀ ಕುಡಿಯುತ್ತಿದ್ದೆ. ರಾತ್ರಿ ಒಂಬತ್ತಕ್ಕೆ ಒಂದು ಕಪ್. ಶುರು ಮಾಡಿದಾಗ ನನ್ನ ತೂಕ 68.4 ಕೆಜಿ. ಐದನೇ ದಿನ 66.3 ಆಯಿತು. ಇಷ್ಟು ಬೇಗ ಇಳಿಯಿತಲ್ಲ ಎಂದು ಖುಷಿಪಟ್ಟೆ. ಆಮೇಲೆ ಆರು ವಾರ ಹೆಚ್ಚು ಕಡಿಮೆ ಅಲ್ಲೇ ನಿಂತಿತು. ದಿನಾ ಬೆಳಗಿನ ಜಾವ ಹೊಟ್ಟೆ ನುಲಿದು ಎಚ್ಚರವಾಗುತ್ತಿತ್ತು, ಎರಡು ಮೂರು ಸಲ ನೀರು ನೀರಾಗಿ ಹೋಗುತ್ತಿತ್ತು. ವಿಷ ಹೊರಗೆ ಹೋಗುತ್ತಿದೆ ಅಂತಲೇ ನಂಬಿದ್ದೆ.

ನಾಲ್ಕು ದಿನದ ಹಿಂದೆ ಬಿಟ್ಟೆ. ಅವತ್ತಿನಿಂದ ಹೊಟ್ಟೆ ಖಾಲಿಯಾಗಿಲ್ಲ. ಕಾಲು, ಬೆರಳು ಊದಿಕೊಂಡಿವೆ, ಉಂಗುರ ತೆಗೆಯಲು ಬರುತ್ತಿಲ್ಲ. ಇವತ್ತು ತೂಕ 69.2. ಮೆಟ್ಟಿಲು ಹತ್ತಿದರೆ ತೊಡೆಯಲ್ಲಿ ಶಕ್ತಿಯೇ ಇಲ್ಲ. ಒಳಗೆ ವಿಷ ಮತ್ತೆ ತುಂಬಿಕೊಂಡಿತಾ? ಟೀ ಮತ್ತೆ ಶುರು ಮಾಡಲಾ?

ಹಸಿರೆಲೆ
ಗಾಬರಿಯಾಗಬೇಡಿ ಅಕ್ಕ. ಗಿಡಮೂಲಿಕೆ ಬಿಟ್ಟಾಗ ದೇಹ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು. ಅರ್ಧ ಕಪ್‌ನಿಂದ ಮತ್ತೆ ಶುರು ಮಾಡಿ, ನಿಧಾನಕ್ಕೆ ಬಿಡಿ. ಎಲೆಯಿಂದ ಮಾಡಿದ್ದು, ರಾಸಾಯನಿಕ ಅಲ್ಲ.

ಕಾಂತರಾಜು
ನಾನು ದಿನಾ ಎರಡು ಕಪ್ ಗ್ರೀನ್ ಟೀ ಕುಡಿಯುತ್ತೇನೆ, ಹತ್ತು ವರ್ಷವಾಯಿತು. ಯಾವ ತೊಂದರೆಯೂ ಇಲ್ಲ. ಟೀಯಿಂದ ಕಾಲು ಊದುವುದಿಲ್ಲ, ಬೇರೆ ಏನೋ ಇರಬೇಕು.

ಗಿರೀಶ (ಫಾರ್ಮಸಿ)
ಕಾಂತರಾಜು ಅವರೇ, ಅವರು ಕೇಳುತ್ತಿರುವುದು ಗ್ರೀನ್ ಟೀ ಬಗ್ಗೆ ಅಲ್ಲ.

ವಿನುತಾ ಮೇಡಂ, ಇನ್ನೊಂದು ಕಪ್ ಕುಡಿಯುವ ಮುಂಚೆ ಎರಡು ವಿಷಯ ಹೇಳಿ. ಕುಡಿದ ಎಷ್ಟು ಗಂಟೆಗೆ ಹೊಟ್ಟೆ ನುಲಿಯುತ್ತಿತ್ತು? ಡಬ್ಬದ ಹಿಂದೆ ಏನೇನು ಬರೆದಿದೆ, ಇದ್ದ ಹಾಗೆ ಟೈಪ್ ಮಾಡಿ.

ವಿನುತಾ
ಒಂಬತ್ತಕ್ಕೆ ಕುಡಿದರೆ ಬೆಳಿಗ್ಗೆ ಐದರ ಹೊತ್ತಿಗೆ. ಹೆಚ್ಚು ಕಡಿಮೆ ದಿನಾ ಅದೇ ಹೊತ್ತು.

ಡಬ್ಬದ ಮೇಲೆ: ಕ್ಯಾಸಿಯಾ ಅಂಗುಸ್ಟಿಫೋಲಿಯಾ ಎಲೆ, ಶುಂಠಿ, ದಾಸವಾಳ, ಅರಿಶಿನ, ಪುದೀನ, ಸಹಜ ಪರಿಮಳ. ಮುಂದುಗಡೆ ದೊಡ್ಡದಾಗಿ "ಶುದ್ಧೀಕರಣ" ಎಂದಿದೆ. ಭೇದಿ ಎಂಬ ಪದ ಎಲ್ಲೂ ಇಲ್ಲ.

ಗಿರೀಶ (ಫಾರ್ಮಸಿ)
ಮೊದಲನೇ ಹೆಸರೇ ಉತ್ತರ. ಕ್ಯಾಸಿಯಾ ಅಂಗುಸ್ಟಿಫೋಲಿಯಾ ಎಂದರೆ ಸೋನಾಮುಖಿ, ಕೆಲವರು ನೆಲಾವರಿಕೆ ಅನ್ನುತ್ತಾರೆ. ಸೆನ್ನಾ ಅಲೆಕ್ಸಾಂಡ್ರಿನಾ ಅಂತ ಬರೆದಿದ್ದರೂ ಅದೇ ಗಿಡ. ಮಲಬದ್ಧತೆಗೆ ನಾವು ಕೊಡುವ ಸೆನ್ನಾ ಮಾತ್ರೆಯೂ ಇದರದ್ದೇ. ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ. ಅಂದರೆ ನೀವು ಏಳು ವಾರ ದಿನಾ ಭೇದಿ ಔಷಧಿ ತೆಗೆದುಕೊಂಡಿದ್ದೀರಿ. ಆ ಮಾತ್ರೆಯ ಡಬ್ಬದ ಮೇಲೆ ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಜಾಸ್ತಿ ಬೇಡ ಎಂದು ಬರೆದಿರುತ್ತದೆ. ಟೀ ಡಬ್ಬದ ಮೇಲೆ ಅದಿಲ್ಲ.

ಎಂಟು ಗಂಟೆ ಅಂದಿರಲ್ಲ, ಅದೂ ತಾಳೆಯಾಗುತ್ತದೆ. ಸೆನ್ನಾ ಹೊಟ್ಟೆಯಲ್ಲಾಗಲಿ ಸಣ್ಣ ಕರುಳಲ್ಲಾಗಲಿ ಏನೂ ಮಾಡುವುದಿಲ್ಲ. ಇಳಿದು ಇಳಿದು ದೊಡ್ಡ ಕರುಳಿಗೆ ಬಂದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ. ಆಗ ಹುಟ್ಟುವ ವಸ್ತು ಕರುಳಿನ ಗೋಡೆಯನ್ನು ಕೆರಳಿಸಿ ಹಿಂಡಿಸುತ್ತದೆ, ನೀರನ್ನು ಒಳಗೆ ಬಿಡಿಸುತ್ತದೆ. ಇದಕ್ಕೆ ಆರರಿಂದ ಹನ್ನೆರಡು ಗಂಟೆ ಬೇಕು. ರಾತ್ರಿ ಕುಡಿಯಿರಿ ಎಂದು ಹೇಳುವುದು ಅದಕ್ಕೇ. ಡಬ್ಬದ ಮೇಲೆ ಏನೇ ಬರೆದಿರಲಿ, ರಾತ್ರಿ ಕುಡಿದದ್ದಕ್ಕೆ ದಿನಾ ಬೆಳಗಿನ ಜಾವ ಅದೇ ಹೊತ್ತಿಗೆ ಹೊಟ್ಟೆ ನುಲಿದರೆ ನಾನು ಮೊದಲು ಇದನ್ನೇ ಅನುಮಾನಿಸುತ್ತೇನೆ.

ಈಗ ತೂಕದ ವಿಷಯ. ತಿಂದದ್ದರಲ್ಲಿ ದೇಹಕ್ಕೆ ಬೇಕಾದ್ದೆಲ್ಲ ಹೆಚ್ಚಿನ ಪಾಲು ಸಣ್ಣ ಕರುಳಲ್ಲೇ ಹೀರಿಕೊಂಡು ಮುಗಿದಿರುತ್ತದೆ. ಸೆನ್ನಾ ಕೆಲಸ ಶುರು ಮಾಡುವುದು ಅದಾದ ಮೇಲೆ. ಹಾಗಾಗಿ ಕೊಬ್ಬು ಕರಗುವುದಿಲ್ಲ. 1983ರಲ್ಲಿ ಒಂದು ವೈದ್ಯಕೀಯ ಅಧ್ಯಯನದಲ್ಲಿ ಅಳೆದು ನೋಡಿದ್ದರು. ಲೀಟರ್‌ಗಟ್ಟಲೆ ಭೇದಿಯಾದರೂ ದೇಹ ಹೀರಿಕೊಂಡ ಕ್ಯಾಲರಿ ಕಡಿಮೆಯಾದದ್ದು ಸುಮಾರು 12 ಶೇಕಡಾ ಮಾತ್ರ. ನಿಮ್ಮ ಮೊದಲ ಎರಡು ಕೆಜಿ ಹೆಚ್ಚಾಗಿ ನೀರು, ಉಪ್ಪು, ಕರುಳಲ್ಲಿ ಇದ್ದ ಮಲ. ಅದು ಒಂದೇ ಸಲ ಖಾಲಿಯಾಗುವಂಥದ್ದು. ಆರು ವಾರ ತೂಕ ಅಲ್ಲೇ ನಿಂತದ್ದು ಅದಕ್ಕೆ.

ತೊಡೆಯಲ್ಲಿ ಶಕ್ತಿ ಇಲ್ಲ ಅಂದಿದ್ದೀರಿ. ನನಗೆ ಯೋಚನೆಯಾಗಿರುವುದು ಅದೊಂದೇ. ನೀರಿನ ಜೊತೆ ಪೊಟ್ಯಾಸಿಯಂ ಹೋಗುತ್ತದೆ, ಅದು ಕಡಿಮೆಯಾದರೆ ಸ್ನಾಯುವಿಗೆ ಶಕ್ತಿ ಇರುವುದಿಲ್ಲ, ಹೃದಯಕ್ಕೂ ಅಪಾಯ. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಎದೆ ಡವಡವ ಅನ್ನುತ್ತಿದ್ದರೆ ಅಥವಾ ತಲೆ ಸುತ್ತಿ ಬೀಳುವ ಹಾಗಾದರೆ ರಿಪೋರ್ಟ್‌ಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಹಸಿರೆಲೆ
ಸೋನಾಮುಖಿ ಸಾವಿರಾರು ವರ್ಷದಿಂದ ಬಳಕೆಯಲ್ಲಿದೆ ಗಿರೀಶ್ ಸರ್. ಟೀ ಅಂದರೆ ಮಾತ್ರೆಗಿಂತ ಸೌಮ್ಯ ಅಲ್ವಾ?

ಗಿರೀಶ (ಫಾರ್ಮಸಿ)
ಬಳಕೆಯಲ್ಲಿರುವುದು ನಿಜ, ಒಳ್ಳೆಯ ಔಷಧಿಯೂ ಹೌದು. ಆದರೆ ಟೀ ಸೌಮ್ಯ ಎಂಬುದನ್ನು ಒಪ್ಪಲಾರೆ. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಗೊತ್ತಿರುತ್ತದೆ. ಸೆನ್ನಾದಲ್ಲಿ ಭೇದಿ ಮಾಡಿಸುವ ವಸ್ತು ಸೆನ್ನೋಸೈಡ್, ದೊಡ್ಡವರಿಗೆ ದಿನಕ್ಕೆ 15ರಿಂದ 30 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ಔಷಧ ಗುಣಮಟ್ಟದ ಎಲೆಯಲ್ಲಿ ಅದು ಶೇಕಡಾ 2.5ರಷ್ಟಾದರೂ ಇರಬೇಕು. ಚೀಲದಲ್ಲಿ ಒಂದೂವರೆ ಗ್ರಾಂ ಎಲೆ ಇದೆ ಎಂದುಕೊಳ್ಳಿ. ಆಗಲೇ 37 ಮಿಲಿಗ್ರಾಂ ದಾಟಿತು. ಅದರಲ್ಲಿ ಕಪ್‌ಗೆ ಎಷ್ಟು ಇಳಿಯುತ್ತದೆ ಎನ್ನುವುದು ನೀವು ಎಷ್ಟು ಹೊತ್ತು ನೆನೆಸುತ್ತೀರಿ ಎಂಬುದರ ಮೇಲೆ. ಐದು ನಿಮಿಷಕ್ಕೆ ತೆಗೆದದ್ದಕ್ಕೂ ಮರೆತು ಇಪ್ಪತ್ತು ನಿಮಿಷ ಬಿಟ್ಟದ್ದಕ್ಕೂ ತುಂಬಾ ವ್ಯತ್ಯಾಸ. ಕೆಲವರು ಚೀಲವನ್ನು ಹಿಂಡಿಯೂ ಕುಡಿಯುತ್ತಾರೆ.

ವಿನುತಾ
ಮೊದಲು ಐದು ನಿಮಿಷ ನೆನೆಸುತ್ತಿದ್ದೆ. ಮೂರನೇ ವಾರದಿಂದ ಅಷ್ಟು ಸರಿಯಾಗಿ ಆಗುತ್ತಿಲ್ಲ ಅನ್ನಿಸಿ ಹದಿನೈದು ನಿಮಿಷ ಬಿಡುತ್ತಿದ್ದೆ. ಕೊನೆಯ ವಾರ ಎರಡು ಚೀಲ. ಇದನ್ನು ಮೊದಲೇ ಬರೆಯಬೇಕಿತ್ತು.

ಇವತ್ತು ಮಧ್ಯಾಹ್ನ ರಕ್ತ ಕೊಟ್ಟು ಬರುತ್ತೇನೆ. ಕಾಲಿನ ಊತಕ್ಕೆ ಅಮ್ಮನ ಹತ್ತಿರ ಬಿಪಿಗೆ ಕೊಟ್ಟ ಮೂತ್ರ ಹೋಗುವ ಮಾತ್ರೆ ಇದೆ. ಅರ್ಧ ತೆಗೆದುಕೊಳ್ಳಲಾ?

ಲೀಲಾ ಸಿಸ್ಟರ್
ಬೇಡಮ್ಮ, ಖಂಡಿತ ಬೇಡ. ಆ ಮಾತ್ರೆಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಅನ್ನು ಇನ್ನಷ್ಟು ಹೊರಗೆ ಹಾಕುತ್ತವೆ. ವಾರ್ಡಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೇನೆ. ಭೇದಿ ಮಾತ್ರೆಯ ಮೇಲೆ ನೀರಿನ ಮಾತ್ರೆ ನುಂಗಿ ಬಂದವರನ್ನು ನೋಡಿದ್ದೇನೆ, ಅವರ ಇಸಿಜಿ ನೋಡಿದರೆ ಭಯವಾಗುತ್ತದೆ.

ನಿಮ್ಮ ಊತ ವಿಷ ತುಂಬಿದ್ದಲ್ಲ. ಏಳು ವಾರ ದಿನಾ ನೀರು ಸೋರುತ್ತಿದ್ದರೆ ದೇಹ ಸುಮ್ನೆ ಕೂರುವುದಿಲ್ಲ. ಉಪ್ಪು ಮತ್ತು ನೀರು ಬಿಡಬೇಡ ಎಂದು ಕಿಡ್ನಿಗೆ ಹಾರ್ಮೋನಿನ ಮೂಲಕ ಹೇಳುತ್ತಲೇ ಇರುತ್ತದೆ. ಟೀ ಒಂದು ದಿನದಲ್ಲಿ ನಿಂತಿತು, ಆ ಹಾರ್ಮೋನು ಒಂದು ದಿನದಲ್ಲಿ ಇಳಿಯುವುದಿಲ್ಲ. ಸೋರುವುದು ನಿಂತರೂ ಹಿಡಿದಿಡುವುದು ನಡೆದೇ ಇದೆ, ಅದಕ್ಕೆ ಊತ. ಅದೇ ಹಾರ್ಮೋನು ಉಪ್ಪನ್ನು ಉಳಿಸುವಾಗ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಬಿಡುತ್ತದೆ. ಅಂದರೆ ಎರಡು ದಾರಿಯಲ್ಲಿ ಹೋಗಿದೆ. ಊತ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಈ ಹೊತ್ತಲ್ಲೇ ತುಂಬಾ ಜನ ಹೆದರಿ ಟೀಗೆ ವಾಪಸ್ ಹೋಗುವುದು.

ಶಾರದಮ್ಮ
ನನ್ನದು ಟೀ ಅಲ್ಲ, ಇದ್ದಿಲಿನ ಕ್ಯಾಪ್ಸೂಲ್. ಆಸ್ಪತ್ರೆಯಲ್ಲೇ ವಿಷ ತೆಗೆಯಲು ಇದ್ದಿಲು ಕೊಡುತ್ತಾರಂತೆ, ಆದ್ದರಿಂದ ಒಳ್ಳೆಯದೇ ಎಂದು ಬೆಳಿಗ್ಗೆ ಬಿಪಿ ಮಾತ್ರೆಯ ಜೊತೆಗೇ ನುಂಗುತ್ತಿದ್ದೆ. ಒಂದು ತಿಂಗಳಾದ ಮೇಲೆ ಬಿಪಿ ಹತೋಟಿಯಲ್ಲೇ ಇರಲಿಲ್ಲ. ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ಇದ್ದಿಲಿನ ವಿಷಯ ನಾನು ಹೇಳಿರಲಿಲ್ಲ, ಅದು ಔಷಧಿ ಎಂದೇ ಅನ್ನಿಸಿರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಲೀಲಾ ಸಿಸ್ಟರ್
ಇರಬಹುದು ಶಾರದಮ್ಮ. ಆಸ್ಪತ್ರೆಯಲ್ಲಿ ನಾವೇ ಕೊಡುತ್ತೇವೆ, ನಿಜ. ಆದರೆ ಹೇಗೆ ಕೊಡುತ್ತೇವೆ ಕೇಳಿ. ದೊಡ್ಡವರಿಗೆ ಒಂದೇ ಸಲಕ್ಕೆ 50 ಗ್ರಾಂ, ನೀರಲ್ಲಿ ಕಲಸಿ, ಒಂದು ಲೋಟ ಕಪ್ಪು ಕೆಸರಿನ ಹಾಗೆ. ನುಂಗಿ ಒಂದು ಗಂಟೆಯೊಳಗೆ ಬಂದರೆ ಹೆಚ್ಚು ಉಪಯೋಗ. ಯಾಕೆಂದರೆ ಇದ್ದಿಲು ರಕ್ತಕ್ಕೆ ಹೋಗುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಇನ್ನೂ ಉಳಿದದ್ದು ಅದರ ಮೈಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಕುಡಿದ ಮದ್ಯ, ಕಬ್ಬಿಣದ ಮಾತ್ರೆ, ಲಿಥಿಯಂ, ಆ್ಯಸಿಡ್, ಇವಕ್ಕೆಲ್ಲ ಅದು ಕೆಲಸ ಮಾಡುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದ ಮಗು ಬಂದರೆ ನಾವು ಇದ್ದಿಲು ಕೊಡುವುದಿಲ್ಲ.

ಇನ್ನೊಂದು ಮಾತು. ಇದ್ದಿಲು ತಿಂದರೆ ಮಲ ಕಪ್ಪಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಯಾವುದು ಯಾವುದು ಎಂದು ಮನೆಯಲ್ಲಿ ಗೊತ್ತಾಗುವುದಿಲ್ಲ.

ಗಿರೀಶ (ಫಾರ್ಮಸಿ)
ಶಾರದಮ್ಮನವರಿಗೆ ಲೆಕ್ಕ ಹೇಳುತ್ತೇನೆ. ವಿಷಕ್ಕೆ ಇದ್ದಿಲು ಕೊಡುವಾಗ ವಿಷದ ಹತ್ತು ಪಟ್ಟು ತೂಕ ಇರಲಿ ಎಂದು ನೋಡುತ್ತಾರೆ. ಯಾರಾದರೂ 10 ಗ್ರಾಂ ಮಾತ್ರೆ ನುಂಗಿದ್ದರೆ 100 ಗ್ರಾಂ ಇದ್ದಿಲು ಬೇಕು. ನಿಮ್ಮ ಕ್ಯಾಪ್ಸೂಲಿನಲ್ಲಿ ಇರುವುದು ಅರ್ಧ ಗ್ರಾಂ ಇರಬಹುದು. ನಿಜವಾದ ವಿಷಕ್ಕೆ ಅದು ಎಲ್ಲಿಗೂ ಸಾಲದು. ಆದರೆ ನಿಮ್ಮ ಬಿಪಿ ಮಾತ್ರೆ 5 ಮಿಲಿಗ್ರಾಂ ಎಂದುಕೊಳ್ಳಿ. ಆಗ ಇದ್ದಿಲು ಅದರ ನೂರು ಪಟ್ಟು. ಹಿಡಿಯಬಾರದ್ದನ್ನು ಹಿಡಿಯಲು ಬೇಕಾದಷ್ಟು ಆಯಿತು. ಥೈರಾಯ್ಡ್, ಫಿಟ್ಸ್ ಮಾತ್ರೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರೂ ಇದನ್ನು ಗಮನಿಸಿ. ಅಂದಹಾಗೆ, ಗರ್ಭನಿರೋಧಕ ಮಾತ್ರೆ ಜೋರು ಭೇದಿಯಾದಾಗಲೂ ಕೆಲಸ ತಪ್ಪಬಹುದು. ಹಾಗಾಗಿ ಟೀ ಕುಡಿಯುವವರಿಗೂ ಈ ಮಾತು ಅನ್ವಯ.

ಶಾರದಮ್ಮ, ಒಂದು ಎಚ್ಚರಿಕೆ. ಈಗ ಡೋಸ್ ಜಾಸ್ತಿ ಮಾಡಿದ್ದಾರೆ. ನೀವು ಇದ್ದಿಲು ಬಿಟ್ಟರೆ ಆ ಹೆಚ್ಚಿನ ಡೋಸ್ ಪೂರ್ತಿ ಒಳಗೆ ಹೋಗಿ ಬಿಪಿ ತೀರಾ ಇಳಿಯಬಹುದು. ಡಾಕ್ಟರಿಗೆ ಹೇಳಿಯೇ ಬಿಡಿ.

ಶಾರದಮ್ಮ
ನಾಳೆಯೇ ಹೇಳುತ್ತೇನೆ ಮಗಾ. ಇದು ಯಾರಿಗೂ ಹೊಳೆದಿರಲಿಲ್ಲ.

ನಾಗೇಶ ಮೇಷ್ಟ್ರು
ನಾನು ರಸಾಯನಶಾಸ್ತ್ರ ಕಲಿಸುವವನು. ಡಬ್ಬದ ಮೇಲೆ ಬರೆಯದೇ ಕಲಬೆರಕೆ ಮಾಡುವವರೂ ಇದ್ದಾರಲ್ಲ. ಫಿನಾಲ್ಫ್ತಲೀನ್ ಎಂಬುದು ಮೊದಲು ಭೇದಿ ಔಷಧಿಯಾಗಿತ್ತು. ಪ್ರಾಣಿಗಳಲ್ಲಿ ಕ್ಯಾನ್ಸರ್ ಕಂಡದ್ದರಿಂದ ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಅದನ್ನು ಭೇದಿ ಮಾತ್ರೆಗಳಿಂದ ತೆಗೆದರು. ಆದರೂ ತೂಕ ಇಳಿಸುವ ಕ್ಯಾಪ್ಸೂಲುಗಳಲ್ಲಿ ಅದನ್ನು ಗುಟ್ಟಾಗಿ ಸೇರಿಸಿದ್ದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿದೆ.

ಮನೆಯಲ್ಲೇ ಪತ್ತೆ ಮಾಡಬಹುದು. ಕ್ಯಾಪ್ಸೂಲಿನ ಪುಡಿಯನ್ನು ನೀರಲ್ಲಿ ಕಲಕಿ ಬಟ್ಟೆ ಒಗೆಯುವ ಸೋಡಾ ಹಾಕಿ. ಗುಲಾಬಿ ಬಣ್ಣ ಬಂದರೆ ಅದು ಇದೆ. ಬಾರದಿದ್ದರೆ ಇಲ್ಲ.

ಗಿರೀಶ (ಫಾರ್ಮಸಿ)
ಮೇಷ್ಟ್ರೇ, ಮೊದಲ ಅರ್ಧ ಸರಿ, ಫಿನಾಲ್ಫ್ತಲೀನ್ ಸೋಡಾದಲ್ಲಿ ಗುಲಾಬಿ ಆಗುತ್ತದೆ. ಆದರೆ ವಿನುತಾ ಅವರ ಟೀಯಲ್ಲಿ ಅರಿಶಿನ ಇದೆ. ಅರಿಶಿನವೂ ಸೋಡಾಗೆ ಕೆಂಪಾಗುತ್ತದೆ. ಸೆನ್ನಾ, ರೇವಲ್ಚಿನ್ನಿ ಇಂಥವುಗಳಲ್ಲಿರುವ ವಸ್ತುಗಳೂ ಸೋಡಾದಲ್ಲಿ ಕೆಂಪಿಗೆ ತಿರುಗಬಹುದು. ಬಣ್ಣ ಬಂದರೆ ಯಾವುದರದ್ದು ಎಂದು ಹೇಳಲಾಗದು. ಬಣ್ಣ ಬಾರದಿದ್ದರೆ ಸುರಕ್ಷಿತ ಎಂದು ಹೇಳುವುದಂತೂ ಅಪಾಯ. ಸಿಬುಟ್ರಮಿನ್ ಸೇರಿಸಿದ್ದರೆ ಯಾವ ಬಣ್ಣವೂ ಬರುವುದಿಲ್ಲ. ಅದು ಹಸಿವು ಅಡಗಿಸುವ ಔಷಧಿ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹೊರಗೆ ಹೋಯಿತು. ಅದೂ ಕಲಬೆರಕೆಯಲ್ಲಿ ಸಿಗುತ್ತಲೇ ಇದೆ. ಮೂಲಿಕೆ ಕ್ಯಾಪ್ಸೂಲ್ ಎಂದು ತೆಗೆದುಕೊಂಡದ್ದಕ್ಕೆ ಬಾಯಿ ಒಣಗಿ, ನಿದ್ದೆ ಹೋಗಿ, ಹಸಿವೇ ಸತ್ತು, ಎದೆ ಬಡಿತ ಏರಿದರೆ ಅದನ್ನು ಅನುಮಾನಿಸಬೇಕು. ಖಚಿತವಾಗಿ ಹೇಳುವುದು ಲ್ಯಾಬ್ ಮಾತ್ರ.

ನಾಗೇಶ ಮೇಷ್ಟ್ರು
ಅರಿಶಿನದ ವಿಷಯ ಹೊಳೆಯಲಿಲ್ಲ, ಒಪ್ಪಿದೆ. "ಬಾರದಿದ್ದರೆ ಇಲ್ಲ" ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ವಿನುತಾ
ಬಣ್ಣ ಅಂದಾಗ ನೆನಪಾಯಿತು. ಟೀ ಕುಡಿಯುವಾಗ ಮೂತ್ರ ಕೆಲವು ದಿನ ಕಂದು ಕೆಂಪಾಗಿ ಹೋಗುತ್ತಿತ್ತು. ಅದನ್ನೇ ವಿಷ ಎಂದುಕೊಂಡಿದ್ದೆ.

ಗಿರೀಶ (ಫಾರ್ಮಸಿ)
ಅದು ಸೆನ್ನಾದ ಬಣ್ಣವೇ ಇರಬೇಕು. ಅದರ ಒಂದು ಪಾಲು ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೋಗುತ್ತದೆ. ನೀವು ನೋಡಿದ್ದು ಟೀ ಹೊರಗೆ ಹೋದದ್ದನ್ನು. ಆದರೂ ಡಾಕ್ಟರಿಗೆ ಇದನ್ನೂ ಹೇಳಿ, ಮೂತ್ರದಲ್ಲಿ ರಕ್ತ ಇಲ್ಲ ಎಂದು ನೋಡಿಬಿಡಲಿ. ಮಣ್ಣಿನ ಪುಡಿ ಮತ್ತು ಇಸಬಗೋಲು ಸೇರಿಸಿದ ಕ್ಲೆನ್ಸ್ ಕುಡಿಯುವವರು ಹಗ್ಗದ ಹಾಗೆ ಉದ್ದಕ್ಕೆ ಏನೋ ಬಂತು ಎಂದು ಫೋಟೋ ತೋರಿಸುತ್ತಾರೆ. ಅದೂ ಹಾಗೆಯೇ. ಕುಡಿದ ಇಸಬಗೋಲು ಮತ್ತು ಮಣ್ಣು ನೀರು ಹೀರಿ, ಕರುಳಿನ ಆಕಾರ ಪಡೆದು ಹೊರಗೆ ಬಂದಿರುತ್ತದೆ.

ವಿನುತಾ
ರಿಪೋರ್ಟ್ ಬಂತು. ಪೊಟ್ಯಾಸಿಯಂ 2.9. ಪಕ್ಕದಲ್ಲಿ 3.5ರಿಂದ 5.0 ಇರಬೇಕು ಎಂದಿದೆ. ಲ್ಯಾಬಿನವರೇ ಫೋನ್ ಮಾಡಿ ಇವತ್ತೇ ಡಾಕ್ಟರನ್ನು ನೋಡಿ ಅಂದರು. ನೋಡಿದೆ. ಇಸಿಜಿ ಮಾಡಿದರು, ಸ್ವಲ್ಪ ಬದಲಾವಣೆ ಇದೆ ಅಂದರು. ಮೂತ್ರದಲ್ಲಿ ರಕ್ತ ಇಲ್ಲ. ಪೊಟ್ಯಾಸಿಯಂ ಸಿರಪ್ ಕೊಟ್ಟಿದ್ದಾರೆ, ಮೆಗ್ನೀಸಿಯಂ ಕೂಡ ನೋಡಬೇಕಂತೆ. ನಾಡಿದ್ದು ಮತ್ತೆ ರಕ್ತ ಪರೀಕ್ಷೆ.

ಹಸಿರೆಲೆ
ಅಕ್ಕ, ಅರ್ಧ ಕಪ್ ಕುಡಿಯಿರಿ ಎಂದು ಬರೆದಿದ್ದೆ. ತಪ್ಪಾಯಿತು. ಸಿರಪ್ ಯಾಕೆ, ದಿನಾ ಎರಡು ಬಾಳೆಹಣ್ಣು ಸಾಲದಾ?

ಲೀಲಾ ಸಿಸ್ಟರ್
ಸಾಲದು. ಒಂದು ಬಾಳೆಹಣ್ಣಿನಲ್ಲಿ ಸುಮಾರು 400 ಮಿಲಿಗ್ರಾಂ ಪೊಟ್ಯಾಸಿಯಂ. ರಕ್ತದಲ್ಲಿ 2.9ಕ್ಕೆ ಇಳಿದಿದೆ ಎಂದರೆ ಇಡೀ ದೇಹದಲ್ಲಿ ಕಡಿಮೆಯಾಗಿರುವುದು ಇಪ್ಪತ್ತು ಮೂವತ್ತು ಹಣ್ಣಿನಷ್ಟು ಇರಬಹುದು, ಯಾಕೆಂದರೆ ಅದರ ಬಹುಪಾಲು ಇರುವುದು ಜೀವಕೋಶಗಳೊಳಗೆ. ಹಾಗೆಂದು ಸಿರಪ್ ಅನ್ನು ಹೇಳಿದ್ದಕ್ಕಿಂತ ಜಾಸ್ತಿ ಕುಡಿಯಬೇಡಿ ವಿನುತಾ, ಏರಿದರೂ ಹೃದಯಕ್ಕೆ ಅಪಾಯವೇ. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲುವುದಿಲ್ಲ, ಅದಕ್ಕೇ ಅದನ್ನು ನೋಡುತ್ತಾರೆ.

ವಿನುತಾ
ಇನ್ನೂ ಹೊಟ್ಟೆ ಖಾಲಿಯಾಗಿಲ್ಲ. ಕರುಳು ಸೋಮಾರಿಯಾಗಿ ಹೋಯಿತಾ?

ಹಸಿರೆಲೆ
ಸೆನ್ನಾ ತುಂಬಾ ದಿನ ತೆಗೆದುಕೊಂಡರೆ ಕರುಳಿನ ನರ ಸಾಯುತ್ತದೆ, ಮತ್ತೆ ಸರಿಹೋಗುವುದಿಲ್ಲ ಎಂದು ಓದಿದ್ದೆ.

ಗಿರೀಶ (ಫಾರ್ಮಸಿ)
ಹಾಗೆಂದು ಹಳೆಯ ಪುಸ್ತಕಗಳಲ್ಲಿ ಇತ್ತು. ಸಾಮಾನ್ಯ ಪ್ರಮಾಣದಲ್ಲಿ ಸೆನ್ನಾ ನರವನ್ನು ಶಾಶ್ವತವಾಗಿ ಕೆಡಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಕರುಳಿನ ಒಳಪದರ ಕಂದು ಕಪ್ಪಾಗುವುದು ನಿಜ, ಬಿಟ್ಟ ಮೇಲೆ ತಿಂಗಳುಗಳಲ್ಲಿ ಅದು ಮಾಸುತ್ತದೆ.

ವಿನುತಾ ಅವರಿಗೆ ಈಗ ಆಗುತ್ತಿರುವುದಕ್ಕೆ ಎರಡು ಕಾರಣ ಇರಬಹುದು. ಭೇದಿ ಔಷಧಿ ಕರುಳನ್ನು ಪೂರ್ತಿ ಬಳಿದು ಖಾಲಿ ಮಾಡಿರುತ್ತದೆ. ಮತ್ತೆ ತುಂಬಲು ಎರಡು ಮೂರು ದಿನ ಬೇಕು. ತುಂಬದೇ ಹೊರಗೆ ಬರಲು ಏನೂ ಇಲ್ಲ. ಜನ ಇದನ್ನೇ ಮಲಬದ್ಧತೆ ಎಂದುಕೊಂಡು ಮತ್ತೆ ಟೀ ಕುಡಿಯುತ್ತಾರೆ, ಮತ್ತೆ ಖಾಲಿಯಾಗುತ್ತದೆ. ಎರಡನೆಯದು, ಕರುಳೂ ಸ್ನಾಯುವೇ. ನಿಮ್ಮ ತೊಡೆಗೆ ಶಕ್ತಿ ಇಲ್ಲದ ಹಾಗೆ ಪೊಟ್ಯಾಸಿಯಂ ಇಲ್ಲದೆ ಅದಕ್ಕೂ ಶಕ್ತಿ ಇಲ್ಲ. ಟೀ ಬಿಟ್ಟಾಗ ಕಾಣುವ ಮಲಬದ್ಧತೆ ಟೀಯೇ ಮಾಡಿದ್ದು.

ರಮ್ಯಾ
ಗಿರೀಶ್ ಅಣ್ಣ, ನಾನು ಒಪ್ಪಲಾರೆ. ಮೂರು ವರ್ಷ ಸೆನ್ನಾ ತೆಗೆದುಕೊಂಡೆ, ಟೀಯಾಗಿ, ಮಾತ್ರೆಯಾಗಿ. ಬಿಟ್ಟು ಒಂದೂವರೆ ವರ್ಷ ಆಯಿತು. ಪೊಟ್ಯಾಸಿಯಂ ಸರಿಯಿದೆ, ಆದರೂ ಔಷಧಿ ಇಲ್ಲದೆ ನನ್ನ ಕರುಳು ಕೆಲಸ ಮಾಡುವುದಿಲ್ಲ. ಪುರಾವೆ ಇಲ್ಲ ಎಂದಾಗ ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತದೆ.

ಗಿರೀಶ (ಫಾರ್ಮಸಿ)
ಸುಳ್ಳು ಎಂದು ನಾನು ಹೇಳುವುದಿಲ್ಲ ರಮ್ಯಾ. ಶುರು ಮಾಡುವ ಮುಂಚೆ ನಿಮಗೆ ಮಲಬದ್ಧತೆ ಇತ್ತಾ?

ರಮ್ಯಾ
ಇತ್ತು. ಈಗಿನಷ್ಟು ಇರಲಿಲ್ಲ.

ಗಿರೀಶ (ಫಾರ್ಮಸಿ)
ಹಾಗಿದ್ದರೆ ಮೊದಲಿನ ತೊಂದರೆ ಬೆಳೆದದ್ದೋ ಸೆನ್ನಾ ಮಾಡಿದ್ದೋ ಎಂದು ಬೇರ್ಪಡಿಸುವುದು ಕಷ್ಟ. ನೀವು ಎಷ್ಟು ತೆಗೆದುಕೊಂಡಿರಿ ಎಂಬುದೂ ಮುಖ್ಯ. ಹೊಟ್ಟೆಯ ತಜ್ಞರ ಹತ್ತಿರ ಕರುಳಿನ ಚಲನೆ ಎಷ್ಟು ವೇಗ ಎಂದು ನೋಡುವ ಪರೀಕ್ಷೆ ಇದೆ, ಅದನ್ನು ಕೇಳಿ ನೋಡಿ.

ವಿನುತಾ
ಹತ್ತು ದಿನ ಆಯಿತು, ಹೇಳಿಬಿಡೋಣ ಎಂದು ಬಂದೆ. ಪೊಟ್ಯಾಸಿಯಂ 3.8. ಆರನೇ ದಿನ ಹೊಟ್ಟೆ ತಾನಾಗಿ ಖಾಲಿಯಾಯಿತು, ಈಗ ಎರಡು ದಿನಕ್ಕೊಮ್ಮೆ ಆಗುತ್ತಿದೆ. ಉಂಗುರ ಸಲೀಸಾಗಿ ಹೊರಗೆ ಬರುತ್ತಿದೆ. ತೂಕ 68.1. ಅಂದರೆ ಏಳು ವಾರದಲ್ಲಿ ನಿಜವಾಗಿ ಇಳಿದದ್ದು 300 ಗ್ರಾಂ, ಅದೂ ಟೀಯಿಂದ ಅಲ್ಲದೇ ಇರಬಹುದು.

ನನಗೆ ಈ ಟೀ ಹೇಳಿದ ಗೆಳತಿ ಈಗ ಆರು ತಿಂಗಳ ಗರ್ಭಿಣಿ. ಆಗಾಗ ಇನ್ನೂ ಕುಡಿಯುತ್ತಾಳೆ. ಅವಳಿಗೆ ಹೇಗೆ ಹೇಳಲಿ?

ಲೀಲಾ ಸಿಸ್ಟರ್
ನಿಮ್ಮ ರಿಪೋರ್ಟ್ ಕಾಗದ ತೋರಿಸಿ. ಡಬ್ಬವನ್ನು ಚೀಲದಲ್ಲಿ ಹಾಕಿಕೊಂಡು ಮುಂದಿನ ತಪಾಸಣೆಗೆ ತನ್ನ ಡಾಕ್ಟರ ಹತ್ತಿರ ಒಯ್ಯಲು ಹೇಳಿ. ಅಲ್ಲಿಯವರೆಗೆ ಒಂದು ಕಪ್ಪೂ ಬೇಡ.